ತಡೀರಿ ಮಾವ ತಾರೀಖು ಓದದ ದಿನ

ನನ್ನ ಸೋದರಮಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಅದು ಅವನ ಗುರುತಿನ ಚೀಟಿಯಲ್ಲಿ ಭದ್ರವಾಗಿದೆ, ಬೇರೆಲ್ಲೂ ಇಲ್ಲ. ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ 'ತಡೀರಿ' ಅಂತಲೇ ಕರೆಯುತ್ತಾರೆ. ಟೀ ಅಂಗಡಿಯವನು 'ತಡೀರಿಯವರಿಗೆ ಒಂದು ಸ್ಟ್ರಾಂಗ್' ಎಂದು ಕೂಗುತ್ತಾನೆ. ಕೊರಿಯರ್‌ನವನು ಪಾರ್ಸೆಲ್ ಮೇಲೆ ಅದನ್ನೇ ಬರೆದುಕೊಂಡು ಬರುತ್ತಾನೆ. ಗೇಮ್ ಕನ್ಸೋಲ್ ರಿಪೇರಿಗೆ ತಂದವರು ಕೌಂಟರಿನ ಮೇಲಿಟ್ಟು, ಆನ್ ಮಾಡಿ ತೋರಿಸುವ ಉತ್ಸಾಹದಲ್ಲಿ ಬೆರಳು ಚಾಚಿದರೆ ಸಾಕು, ಮಾವ ಕನ್ನಡಕದ ಮೇಲಿಂದ ನೋಡಿ ಹೇಳುವ ಮಾತು ಅದೊಂದೇ. 'ತಡೀರಿ.'

ಅಂಗಡಿ ಎಂದರೆ ದೊಡ್ಡದೇನಲ್ಲ. ಒಂದು ಶಟರು, ಒಂದು ಕೌಂಟರು, ಹಿಂದೆ ಮಾವನ ಮೇಜು, ಮೇಜಿನ ಮೇಲೆ ದೀಪದ ಸುತ್ತು ಇರುವ ಭೂತಗನ್ನಡಿ. ಸ್ಕ್ರೂಗಳಿಗಾಗಿ ಮೊಟ್ಟೆಯ ಟ್ರೇಗಳು. ಆರು ವರ್ಷದಿಂದ ಕೌಂಟರಿನಲ್ಲಿ ನಾನಿದ್ದೇನೆ. ಗಿರಾಕಿಗಳ ಹತ್ತಿರ ಮಾತಾಡುವುದು, ಬೈಸಿಕೊಳ್ಳುವುದು ನನ್ನ ಪಾಲು. ಬಿಚ್ಚುವುದು, ಜೋಡಿಸುವುದು ಮಾವನ ಪಾಲು. ಅವನು ಒಂದು ಸ್ಕ್ರೂ ತೆಗೆಯುವಷ್ಟರಲ್ಲಿ ನಾನು ಒಂದು ಜಗಳ ಮುಗಿಸಿರುತ್ತೇನೆ.

ಯಾವ ಯಂತ್ರವನ್ನೂ ಮುಟ್ಟುವ ಮೊದಲು ಮಾವ ಒಂದು ಚೀಟಿ ಬರೆಯಿಸುತ್ತಾನೆ. ಮೂರು ಸಾಲು. ಯಾವ ಆಟ. ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ. ಕೊನೆಯ ಬ್ಯಾಕಪ್, ಅಂದರೆ ಆಟದ ನಕಲು ತೆಗೆದಿಟ್ಟದ್ದು, ಯಾವತ್ತು. ಮೂರನೆಯ ಸಾಲಿಗೆ ಬಂದಾಗ ಗಿರಾಕಿಗಳೆಲ್ಲ 'ಅದು ಮೋಡದಲ್ಲಿ ತಾನೇ ಇರುತ್ತೆ ಬಿಡಿ' ಅನ್ನುತ್ತಾರೆ. ಮೋಡ ಎಂದರೆ ಇಂಟರ್‌ನೆಟ್ ಮೂಲಕ ಕಂಪನಿಯವರು ತಮ್ಮ ಯಂತ್ರಗಳಲ್ಲಿ ಇಟ್ಟುಕೊಳ್ಳುವ ನಕಲು. ಮಾವ ಬಿಡುವುದಿಲ್ಲ. 'ಮೋಡದ ಚಿತ್ರದ ಪಕ್ಕ ಟಿಕ್ ಇದ್ರೆ ಸಾಲದು. ಒಳಗೆ ಹೋಗಿ ತಾರೀಖು ನೋಡಿ. ಜೋರಾಗಿ ಓದಿ' ಎನ್ನುತ್ತಾನೆ. ದೊಡ್ಡ ದೊಡ್ಡ ಮನುಷ್ಯರು ಶಾಲೆಯ ಮಕ್ಕಳ ಹಾಗೆ ತಾರೀಖು, ಗಂಟೆ, ನಿಮಿಷ ಓದುವುದನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ.

ಈ ಮಡಿವಂತಿಕೆಗೆ ಕಾರಣವಿದೆ. ಮಾವ ಟಿವಿ ರಿಪೇರಿ ಬಿಟ್ಟು ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಮಾರುಕಟ್ಟೆಯಲ್ಲಿ ಮೂಟೆ ಹೊರುವವನೊಬ್ಬ ಹಳೆಯ ಕನ್ಸೋಲ್ ತಂದಿದ್ದನಂತೆ. ಮಾವ ಅದರ ಮೆಮೊರಿ ಕಾರ್ಡನ್ನು ಪೂರ್ತಿ ಅಳಿಸಿ, ಹೊಸದರಂತೆ ಮಾಡಿ, ಹೆಮ್ಮೆಯಿಂದ ಕೈಗೆ ಕೊಟ್ಟ. ಮೂಟೆಯವನು ಆನ್ ಮಾಡಿ ನೋಡಿದ. ಎರಡು ವರ್ಷ ಆಡಿದ ಆಟ ಮೊದಲಿಗೆ ಬಂದು ನಿಂತಿತ್ತು. ನೂರು ಕಿಲೋ ಹೊರುವ ಆಳು ಕೌಂಟರಿಗೆ ಹಣೆ ಕೊಟ್ಟು ಅತ್ತನಂತೆ. ಅಂದಿನಿಂದ ಚೀಟಿ, ಅಂದಿನಿಂದ ತಡೀರಿ. ತಾಳಿದವನು ಬಾಳಿಯಾನು ಅನ್ನುವುದನ್ನು ಮಾವ ಗಾದೆ ಅಂತ ಹೇಳುವುದಿಲ್ಲ, ಅಂಗಡಿಯ ನಿಯಮ ಅಂತ ಹೇಳುತ್ತಾನೆ.

ಇಷ್ಟೆಲ್ಲ ಮಾಡುವ ಮನುಷ್ಯ ಒಂದೇ ಒಂದು ಸಲ ತಾರೀಖು ಓದಿಸಲಿಲ್ಲ. ಅದು ಟೀಚರಮ್ಮನ ವಿಷಯದಲ್ಲಿ.

ಟೀಚರಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವರು. ಸ್ಕೇಲು ಇಲ್ಲದೆ ಕಪ್ಪುಹಲಗೆಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಗೆರೆ ಎಳೆಯುತ್ತಿದ್ದರು. ನಾನೂ ಅವರ ವಿದ್ಯಾರ್ಥಿನಿಯೇ. ನನ್ನ ಗೆರೆ ನೋಡಿ 'ಇದೇನಮ್ಮ, ಇರುವೆ ಸಾಲಿಗೆ ಯಾರೋ ಉಫ್ ಅಂದ ಹಾಗಿದೆ' ಅಂದಿದ್ದರು. ನಿವೃತ್ತಿಯಾದ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ವ್ಯಾಯಾಮ ಮಾಡಿಸುವವರು ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ ಟೀಚರಮ್ಮ ಎಡಗೈಯಿಂದ ಅದನ್ನು ಕಿಟಕಿಯಾಚೆ ಎಸೆದರಂತೆ. ಆಗ ಮಗ ಕೈಯಲ್ಲಿ ಹಿಡಿದು ಆಡುವ ಒಂದು ಕನ್ಸೋಲ್ ತಂದುಕೊಟ್ಟ. ಅದರಲ್ಲಿ ಒಂದು ಊರು ಕಟ್ಟುವ ಆಟ. ಖಾಲಿ ಜಾಗದಲ್ಲಿ ಗಿಡ ನೆಡಬೇಕು, ಮನೆ ಮಾಡಬೇಕು, ಬೇಲಿ ಹಾಕಬೇಕು. ಸೋಲು ಗೆಲುವು ಇಲ್ಲ, ಅವಸರವಿಲ್ಲ.

ಅವರು ಮೊದಲು ಹಾಕಿದ್ದು ಒಂದು ಬೇಲಿ. ಹದಿನಾಲ್ಕು ಗೂಟ. ಬಲಗೈ ಹೆಬ್ಬೆರಳಿನಿಂದ ಯಂತ್ರದ ಮೇಲಿನ ಪುಟ್ಟ ಜಾಯ್‌ಸ್ಟಿಕ್ ಕಡ್ಡಿಯನ್ನು ಒತ್ತಿ ಪರದೆಯೊಳಗಿನ ಬೊಂಬೆಯನ್ನು ನಡೆಸಬೇಕು, ನಿಂತಲ್ಲಿ ಗೂಟ ನೆಡಬೇಕು. ಹೆಬ್ಬೆರಳು ನಡುಗಿದರೆ ಬೊಂಬೆ ಪಕ್ಕಕ್ಕೆ ಸರಿಯುತ್ತದೆ, ಗೂಟ ಸಾಲು ತಪ್ಪುತ್ತದೆ. ಆ ಹದಿನಾಲ್ಕು ಗೂಟಕ್ಕೆ ಮೂರು ದಿನ ಹಿಡಿಯಿತು. ಕುಡಿದವನು ಮನೆಗೆ ನಡೆದ ದಾರಿಯ ಹಾಗೆ ಸೊಟ್ಟಗಿತ್ತು. ಊರು ಬೆಳೆಯಿತು, ತೋಟ ಬಂತು, ಸೇತುವೆ ಬಂತು, ಆದರೆ ಆ ಬೇಲಿಯನ್ನು ಅವರು ಕೀಳಲಿಲ್ಲ. 'ನಾನು ಎಲ್ಲಿಂದ ಹೊರಟೆ ಅಂತ ಗೊತ್ತಾಗಬೇಕಲ್ಲ' ಅನ್ನುತ್ತಿದ್ದರು. ಮೂರೂವರೆ ವರ್ಷದ ಬಲಗೈ ಅದರೊಳಗಿತ್ತು.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರು ಅಂಗಡಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಮಗ ತೋಳು ಹಿಡಿದುಕೊಂಡಿದ್ದ. ಅವನು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ನಡೆಯುವಾಗಲೂ ಎಡಕ್ಕೆ ಬಲಕ್ಕೆ ನೋಡಿಕೊಂಡೇ ನಡೆಯುವವನು.

'ಕೈ ಮತ್ತೆ ಹೋಗ್ತಾ ಇದೆ ಕಣಪ್ಪ' ಎಂದರು ಟೀಚರಮ್ಮ ಮಾವನಿಗೆ. 'ನಾನು ಸುಮ್ಮನೆ ಹಿಡಿದಿದ್ರೂ ಬೊಂಬೆ ಎಡಕ್ಕೆ ಎಡಕ್ಕೆ ಹೋಗುತ್ತೆ. ಬೆರಳು ನನ್ನ ಮಾತು ಕೇಳ್ತಿಲ್ಲ.'

ಮಾವ ಕನ್ಸೋಲ್ ಇಸಿದುಕೊಂಡು ಮೇಜಿನ ಮೇಲೆ ಮಲಗಿಸಿದ. ಯಾರೂ ಮುಟ್ಟಲಿಲ್ಲ. ಪರದೆಯ ಮೇಲೆ ಬೊಂಬೆ ತಾನಾಗಿಯೇ ಎಡಕ್ಕೆ ನಡೆದು ಹೋಗಿ ನೀರಿನ ಅಂಚಿಗೆ ನಿಂತಿತು. ಒತ್ತುವ ಕಡ್ಡಿಯ ಒಳಗಿನ ಪಟ್ಟಿ ಸವೆದರೆ ಹಾಗಾಗುತ್ತದೆ. ಕಡ್ಡಿ ಬದಲಿಸಿದರೆ ಮುಗಿಯಿತು, ವಾರಕ್ಕೆ ಎರಡು ಬರುವ ಕೇಸು.

'ಅಮ್ಮಾ, ತೊಂದರೆ ನಿಮ್ಮ ಕೈದಲ್ಲ, ಮಿಷಿನ್ದು' ಎಂದ ಮಾವ. ಅವನ ದನಿಯೇ ಬೇರೆಯಾಗಿತ್ತು. ಟೀಚರಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗ ಗೋಡೆ ನೋಡಿದ. ನಾನು ಟೀ ತರಿಸಿದೆ. ಆ ಖುಷಿಯಲ್ಲಿ ಮಾವ ಮೋಡದ ಚಿತ್ರದ ಪಕ್ಕದ ಟಿಕ್ ಅನ್ನು ಒಮ್ಮೆ ನೋಡಿದ, ಒಳಗೆ ಹೋಗಲಿಲ್ಲ. ಚೀಟಿಯ ಮೂರನೆಯ ಸಾಲಿನಲ್ಲಿ ತಾನೇ 'ಇದೆ' ಎಂದು ಬರೆದ. ಹೊರಡುವಾಗ ಮಗ ಊರಿನ ಬಗ್ಗೆ ಕೇಳಿದ್ದಕ್ಕೆ 'ಎಲ್ಲ ಮೋಡದಲ್ಲಿದೆ, ಭಯ ಬೇಡ' ಅಂದ. ಆ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆಗ ನನಗೂ ಏನೂ ಅನ್ನಿಸಲಿಲ್ಲ.

ಕಳೆದ ಶನಿವಾರ ಬೆಳಿಗ್ಗೆ ಶಟರು ಅರ್ಧ ಎತ್ತಿದ್ದೆ, ಟೀಚರಮ್ಮ, ಮಗ ಇಬ್ಬರೂ ಬಗ್ಗಿ ಒಳಗೆ ಬಂದರು. ಮಗನ ಕೈಯಲ್ಲಿ ಹೊಸ ಕನ್ಸೋಲಿನ ಡಬ್ಬಿ.

'ನಿನ್ನೆ ಸಂಜೆ ತಂದೆ. ಇದರ ಪರದೆ ದೊಡ್ಡದು, ಅಮ್ಮನ ಕಣ್ಣಿಗೆ ಸುಲಭ ಅಂತ' ಎಂದ ಮಗ. 'ನನ್ನ ಫೋನಿನ ನೆಟ್ ಕೊಟ್ಟು ಅಮ್ಮನ ಅಕೌಂಟೇ ಹಾಕಿದೀನಿ. ಹಳೇದರ ಆಟದ ಕಾರ್ಡನ್ನೂ ಇದಕ್ಕೆ ಹಾಕಿದೆ. ಆಟ ಬಂತು. ಊರು ಬಂದಿಲ್ಲ. ಹೊಸಬರಿಗೆ ಸ್ವಾಗತ ಅಂತ ಖಾಲಿ ಜಾಗ ತೋರಿಸ್ತಿದೆ. ಮುಂದೆ ಹೋದ್ರೆ ಬರಬಹುದು ಅಂತ ಇವತ್ತು ಬೆಳಿಗ್ಗೆ ಹತ್ತು ನಿಮಿಷ ಒತ್ತಿದೆ. ಒಂದು ಗುಡಾರ ಹಾಕಿಸ್ತು, ಅಷ್ಟೇ.'

ಮಾವ ಎದ್ದು ಬಂದ. ಅವನು ತಡೀರಿ ಅನ್ನಲಿಲ್ಲ. ಡಬ್ಬಿಯಿಂದ ಯಂತ್ರವನ್ನು ಸರಕ್ಕನೆ ಎಳೆದು ಮೊದಲು ವೈಫೈ ಆಫ್ ಮಾಡಿದ. ಆಮೇಲೆ ಉಸಿರು ಬಿಟ್ಟ.

'ಈಗಿನ ಕಾರ್ಡಲ್ಲಿ ಆಟ ಮಾತ್ರ ಇರುತ್ತೆ. ನೀವು ಆಡಿದ್ದು ಇರಲ್ಲ' ಎಂದ. 'ಅದು ಇರೋದು ಯಂತ್ರದ ಹೊಟ್ಟೇಲಿ. ಇಲ್ಲಾಂದ್ರೆ ಮೋಡದಲ್ಲಿ. ಮೋಡದಿಂದ ತಾನಾಗಿ ಇಳೀಬೇಕಿತ್ತು, ಇಳಿದಿಲ್ಲ. ಈಗ ನೀವು ಗುಡಾರ ಹಾಕಿದ್ರಲ್ಲ, ಅದೂ ಒಂದು ಊರು ಅಂತ ಇದರಲ್ಲಿ ಉಳಿದುಕೊಂಡಿದೆ. ಇವತ್ತಿನ ತಾರೀಖಿನ ಊರು. ಇದು ಮೋಡಕ್ಕೆ ಹತ್ತಿದ್ರೆ ಹಳೇ ನಕಲಿನ ಮೇಲೆ ಕೂತ್ಕೊಳುತ್ತೆ. ಕೆಲವು ಯಂತ್ರ ಕೇಳಿ ಮಾಡ್ತವೆ, ಕೆಲವು ಕೇಳಲ್ಲ.'

'ಅಂದ್ರೆ ನಾನು ಅಳಿಸಿಬಿಟ್ನಾ?' ಎಂದ ಮಗ.

'ಗೊತ್ತಿಲ್ಲ. ಹಳೇ ಯಂತ್ರ ಕೊಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಅದರ ಹೊಟ್ಟೆಯಿಂದ ಇದರ ಹೊಟ್ಟೆಗೆ ನೇರ ಸಾಗಿಸ್ತೀನಿ. ಮೋಡದ ಹಂಗೇ ಬೇಡ.'

ಮಗ ಖಾಲಿ ಡಬ್ಬಿಯ ಮುಚ್ಚಳ ಮುಚ್ಚಿದ. ಟೀಚರಮ್ಮನೇ ಹೇಳಿದರು, 'ಅದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಇದನ್ನ ತಂದಿದಾನೆ.'

ಹಳೆಯ ಯಂತ್ರ ವಾಪಸ್ ತೆಗೆದುಕೊಳ್ಳುವ ಅಂಗಡಿಗಳು ಏನು ಮಾಡುತ್ತವೆ ಎಂದು ನಮಗೆ ಗೊತ್ತು. ಪೂರ್ತಿ ಅಳಿಸುತ್ತಾರೆ. ಅಳಿಸಿದ ಮೇಲೆ ಮಾವನಲ್ಲ, ಅದನ್ನು ತಯಾರಿಸಿದವರೇ ಬಂದರೂ ಹೊಟ್ಟೆಯೊಳಗಿನದು ಸಿಗುವುದಿಲ್ಲ. ಯಾವಾಗ ಅಳಿಸುತ್ತಾರೆ ಅನ್ನುವುದೊಂದೇ ಪ್ರಶ್ನೆ. ಕೆಲವರು ವಾರವಿಡೀ ರಾಶಿ ಹಾಕಿ ಒಟ್ಟಿಗೆ ಅಳಿಸುತ್ತಾರೆ. ಆ ಅಂಗಡಿಗೆ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ರೆಕಾರ್ಡು ಹೇಳಿತು, ಆಮೇಲೆ ಸಂಗೀತ ಹಾಕಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಸಂಗೀತ.

'ಶಟರು ಇಳಿಸು' ಎಂದ ಮಾವ.

ನಾಲ್ವರೂ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕುಳಿತೆವು. ಆ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಮುಂದೆಯೂ ಒಂದು ಬ್ರೇಕು ಇರುತ್ತದೆ, ಕಲಿಯುವವರು ತಪ್ಪಿದರೆ ಮೇಷ್ಟ್ರು ಒತ್ತಲಿಕ್ಕೆ. ಜೀವಮಾನವೆಲ್ಲ ಬ್ರೇಕಿನ ಕೆಲಸವನ್ನೇ ಮಾಡಿದ ನನ್ನ ಮಾವ ಆ ಸೀಟಿನಲ್ಲಿ ಕುಳಿತಿದ್ದ. ಬೇರೆ ದಿನವಾಗಿದ್ದರೆ ನಾನು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅಂದು ಅವನು ಎರಡೂ ಪಾದಗಳನ್ನು ಸೀಟಿನಡಿಗೆ ಎಳೆದುಕೊಂಡು ಮುಂದಕ್ಕೆ ಬಾಗಿ ಕುಳಿತಿದ್ದ. ಮೇಷ್ಟ್ರೋ, ಇಂಡಿಕೇಟರ್ ಹಾಕದೆ ಗುಂಡಿಯನ್ನೂ ತಪ್ಪಿಸುವವನಲ್ಲ. ಹಳದಿ ದೀಪ ಬಂದರೆ ನಿಲ್ಲುತ್ತಾನೆ. ಜನ ದಾಟುವ ಪಟ್ಟಿಯ ಹತ್ತಿರ ಒಬ್ಬಳು ಅಜ್ಜಿ ನಿಂತಿದ್ದಳು, ದಾಟುವ ಉದ್ದೇಶವೇ ಅವಳಿಗಿರಲಿಲ್ಲ. ಅವಳಿಗಾಗಿಯೂ ನಿಂತ.

'ಸ್ವಲ್ಪ ಬೇಗ ಹೋಗೋಣಪ್ಪ' ಎಂದ ಮಾವ. ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ.

ಹಿಂದಿನ ಸೀಟಿನಲ್ಲಿ ಟೀಚರಮ್ಮ ಬಲಗೈಯನ್ನು ಎಡಗೈಯಲ್ಲಿ ಇಟ್ಟುಕೊಂಡಿದ್ದರು. 'ಸಮುದ್ರದ ಕಡೆಗೆ ಒಂದು ರಸ್ತೆ ಹಾಕಿದ್ದೆ' ಎಂದರು ನನಗೆ ಮಾತ್ರ ಕೇಳುವ ಹಾಗೆ. 'ಹೋದ ತಿಂಗಳು ಮುಗೀತು. ನಲವತ್ತು ಕಲ್ಲು. ಒಂದೂ ಸಾಲು ತಪ್ಪಿಲ್ಲ. ಬೇಲಿಯಿಂದ ಶುರುವಾಗಿ ನೆಟ್ಟಗೆ ನೀರಿನವರೆಗೆ.'

ನಾನು ಅವರ ಕೈ ಹಿಡಿದುಕೊಂಡೆ.

ಎಕ್ಸ್‌ಚೇಂಜ್ ಕೌಂಟರಿನಲ್ಲಿದ್ದ ಹೆಂಗಸು ನಮ್ಮ ನಾಲ್ಕು ಮುಖಗಳನ್ನು ನೋಡಿದೊಡನೆ ಅರ್ಥ ಮಾಡಿಕೊಂಡಳು. ಇಂಥ ಮುಖಗಳನ್ನು ಅವಳು ವಾರಕ್ಕೊಮ್ಮೆಯಾದರೂ ನೋಡುತ್ತಿರಬೇಕು.

'ಸರ್, ನಿನ್ನೆ ನಿಮ್ಮ ಎದುರೇ ಅಳಿಸಿದೆ, ನೀವು ಹೊಸದರ ಪರದೆ ನೋಡ್ತಾ ಇದ್ರಿ' ಎಂದಳು ಮಗನಿಗೆ. 'ನಮ್ಮಲ್ಲಿ ಅದೇ ಪದ್ಧತಿ. ಗಿರಾಕಿಗಳ ಫೋಟೊ, ಪಾಸ್‌ವರ್ಡ್ ಯಾರ ಕೈಗೂ ಸಿಗಬಾರದು ಅಂತ ಅವರ ಕಣ್ಣೆದುರೇ ಅಳಿಸ್ತೀವಿ. ಬ್ಯಾಕಪ್ ಇದೆಯಾ ಅಂತ ಎರಡು ಸಲ ಕೇಳಿದೆ. ಇಲ್ಲಿ ನೋಡಿ.'

ಅವಳು ತೋರಿಸಿದ ಹಾಳೆಯಲ್ಲಿ 'ಬ್ಯಾಕಪ್ ಇದೆ' ಎನ್ನುವ ಚೌಕದಲ್ಲಿ ಗುರುತಿತ್ತು, ಕೆಳಗೆ ಮಗನ ರುಜು.

'ರಿಪೇರಿಯವರು ಇದೆ ಅಂದಿದ್ರು' ಎಂದ ಮಗ. ಅವನು ಮಾವನ ಕಡೆ ನೋಡಿ ಹೇಳಲಿಲ್ಲ, ಹಾಳೆಯನ್ನು ನೋಡಿ ಹೇಳಿದ. ಅದೇ ಹೆಚ್ಚು ಚುಚ್ಚಿತು.

'ಒಂದ್ಸಲ ಆ ಯಂತ್ರ ನೋಡಬಹುದಾ?' ಎಂದ ಮಾವ. ನೋಡಿ ಪ್ರಯೋಜನವಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಅವಳು ಒಳಗಿನಿಂದ ತಂದುಕೊಟ್ಟಳು. ಹಿಂಬದಿಯಲ್ಲಿ ಕೆಂಪು ಉಗುರುಬಣ್ಣದ ಒಂದು ಚುಕ್ಕೆ. ತಾನು ರಿಪೇರಿ ಮಾಡಿದ್ದಕ್ಕೆಲ್ಲ ಮಾವ ಇಡುವ ಗುರುತು ಅದು. ಆನ್ ಮಾಡಿದ. 'ನಿಮ್ಮ ಭಾಷೆಯನ್ನು ಆರಿಸಿಕೊಳ್ಳಿ' ಎಂದು ಪರದೆ ಕೇಳಿತು. ಹೊಸದಾಗಿ ಹುಟ್ಟಿದ ಯಂತ್ರ ಕೇಳುವ ಮೊದಲ ಪ್ರಶ್ನೆ. ಮಾವ ಅದನ್ನು ಆಫ್ ಮಾಡಿ ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ.

ಅದೇ ಕಾರಿನಲ್ಲಿ ವಾಪಸ್ ಹೊರಟೆವು. ಇನ್ನು ಉಳಿದದ್ದು ಮೋಡ ಒಂದೇ. ಅಲ್ಲಿ ಏನಾದರೂ ಇದೆಯೋ, ಇದ್ದರೆ ಎಂದಿನದು, ಇಂದು ಬೆಳಿಗ್ಗೆ ಆ ಗುಡಾರ ಹೋಗಿ ಅದರ ಮೇಲೆ ಕೂತಿದೆಯೋ, ಯಾರಿಗೂ ಗೊತ್ತಿಲ್ಲ. ಮೋಡದಲ್ಲಿ ಒಂದು ಆಟಕ್ಕೆ ಒಂದೇ ನಕಲು ಇರುತ್ತದೆ. ಹೊಸದು ಬಂದರೆ ಹಳೆಯದು ಹೋಯಿತು.

ಅಂಗಡಿಗೆ ಬಂದ ಮೇಲೆ ಮಾವ ಮೊದಲು ಹಳೆಯ ಚೀಟಿಗಳ ಡಬ್ಬಿ ತೆಗೆದ. ನಾಲ್ಕು ತಿಂಗಳ ಹಿಂದಿನ ಟೀಚರಮ್ಮನ ಚೀಟಿ ಹುಡುಕಿ ಕೌಂಟರಿನ ಮೇಲಿಟ್ಟ. ಮೂರನೆಯ ಸಾಲಿನಲ್ಲಿ ಅವನದೇ ಅಕ್ಷರ. 'ಇದೆ.' ತಾರೀಖು ಇರಲಿಲ್ಲ.

'ಅಮ್ಮಾ, ತಪ್ಪು ನಂದು' ಎಂದ. 'ಅವತ್ತು ನಾನು ಒಳಗೆ ಹೋಗಿ ನೋಡಲಿಲ್ಲ. ಟಿಕ್ ನೋಡಿ ಬರೆದುಬಿಟ್ಟೆ. ಇವರು ನನ್ನ ಮಾತು ನಂಬಿ ಕೊಟ್ಟರು.'

ಟೀಚರಮ್ಮ ಚೀಟಿ ನೋಡಿದರು. ಪರವಾಗಿಲ್ಲ ಬಿಡಪ್ಪ ಅನ್ನುತ್ತಾರೆ ಎಂದುಕೊಂಡೆ. ಅವರು ಹಾಗನ್ನಲಿಲ್ಲ.

'ನನಗೆ ಸಿಟ್ಟು ಬಂದಿದೆ' ಎಂದರು. 'ಅದು ಹೋಗೋಕೆ ಸ್ವಲ್ಪ ದಿನ ಬೇಕು. ಈಗ ಮೋಡ ತೆಗಿ.'

ಮಾವ ಹೊಸ ಯಂತ್ರವನ್ನು ಕೌಂಟರಿನ ಮೇಲಿಟ್ಟ. ಆಟ ತೆರೆಯಲಿಲ್ಲ. ಸೆಟ್ಟಿಂಗಿನೊಳಗೆ ಹೋಗಿ, ತಾನಾಗಿ ಮೋಡಕ್ಕೆ ಹತ್ತಿಸುವುದನ್ನು ಬಂದ್ ಮಾಡಿದ. ಮಾಡಿದ್ದು ಸರಿಯಾಗಿದೆಯೇ ಎಂದು ನನ್ನಿಂದ ಓದಿಸಿದ. ಆಮೇಲೆ ಅಂಗಡಿಯ ವೈಫೈ ಕೊಟ್ಟು ಆಟದ ಹೆಸರಿನ ಕೆಳಗಿನ ವಿವರ ತೆರೆದ. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು. ಅಷ್ಟು ಹೊತ್ತು ತಿರುಗುವಂಥದ್ದು ಏನಿತ್ತೋ. ಎರಡು ಸಾಲು ಬಂದವು.

'ಓದಿ' ಎಂದ ಮಾವ.

ಟೀಚರಮ್ಮ ಕನ್ನಡಕ ಏರಿಸಿ ಓದಿದರು. ಕನ್ಸೋಲಿನಲ್ಲಿರುವುದು, ಇವತ್ತಿನದು. ಮೋಡದಲ್ಲಿರುವುದು, ಎಂಟು ತಿಂಗಳ ಹಿಂದಿನದು. ತಾರೀಖು, ಗಂಟೆ, ನಿಮಿಷ, ಎಲ್ಲ ಓದಿದರು.

ಗುಡಾರ ಹತ್ತಿರಲಿಲ್ಲ. ಹಳೆಯ ನಕಲು ಬದುಕಿತ್ತು. ಆದರೆ ಎಂಟು ತಿಂಗಳು ಹಳೆಯದು.

'ಎಂಟು ತಿಂಗಳ ಹಿಂದೆ ಮನೇಲಿ ಏನಾಯ್ತು?' ಎಂದು ಮಾವ ಕೇಳಿದ. ಮಗ ಹಣೆ ತಿಕ್ಕಿಕೊಂಡ. 'ವೈಫೈ ಡಬ್ಬಿ ಬದಲಾಯಿಸಿದ್ವಿ. ಹೊಸ ಪಾಸ್‌ವರ್ಡ್ ಬಂತು. ಫೋನಿಗೆಲ್ಲ ಹಾಕಿದೆ. ಅಮ್ಮನ ಕನ್ಸೋಲಿಗೆ...' ಎಂದು ನಿಲ್ಲಿಸಿದ. ಈ ಆಟ ಆಡಲು ಇಂಟರ್‌ನೆಟ್ ಬೇಕಿಲ್ಲ. ಟೀಚರಮ್ಮ ದಿನವೂ ಆಡಿದರು, ಊರು ದಿನವೂ ಯಂತ್ರದ ಹೊಟ್ಟೆಯಲ್ಲಿ ಬೆಳೆಯಿತು, ಮೋಡಕ್ಕೆ ಒಂದು ದಿನವೂ ಹೋಗಲಿಲ್ಲ. ಟಿಕ್ ಮಾತ್ರ ಹಾಗೆಯೇ ಕುಳಿತಿತ್ತು, ಕೊನೆಯ ಸಲ ಹತ್ತಿದ ದಿನದ ಗುರುತಾಗಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಮ್ಮ ಕಥೆಯಲ್ಲಿ ತೆರೆದೇ ಇದ್ದ ಬಾಗಿಲನ್ನು ಹಾಕಿದೆ ಎಂದು ಬರೆದುಕೊಟ್ಟವನು ಮಾವನೇ.

'ಎಂಟು ತಿಂಗಳ ಹಿಂದೆ' ಎಂದು ಟೀಚರಮ್ಮ ಬೆರಳು ಮಡಚಿದರು. 'ಬೇಲಿ ಇತ್ತು. ತೋಟ ಇತ್ತು. ಸೇತುವೆ ಅರ್ಧ ಆಗಿತ್ತು. ರಸ್ತೆ ಇರಲಿಲ್ಲ.' 'ಸೊಟ್ಟದ್ದು ಉಳೀತು, ನೆಟ್ಟಗಿದ್ದದ್ದು ಹೋಯ್ತು' ಎಂದರು.

ಮಗ ಮುಖ ತಿರುಗಿಸಿದ. ಮಾವ ನಿಂತಲ್ಲೇ ನಿಂತಿದ್ದ. ನಾನು ಅವನಿಗೆ ಸ್ಟೂಲು ಕೊಟ್ಟರೆ ಅದನ್ನು ಟೀಚರಮ್ಮನ ಹಿಂದಕ್ಕೆ ಸರಿಸಿದ.

ಈಗ ಒಂದು ಕೆಲಸ ಉಳಿದಿತ್ತು. ಎರಡು ಸಾಲು, ಎರಡು ಗುಂಡಿ. ಒಂದು ಒತ್ತಿದರೆ ಮೋಡದ ಊರು ಕೆಳಗಿಳಿದು ಗುಡಾರದ ಮೇಲೆ ಕೂರುತ್ತದೆ. ಇನ್ನೊಂದು ಒತ್ತಿದರೆ ಗುಡಾರ ಮೇಲೇರಿ ಮೋಡದ ಊರಿನ ಮೇಲೆ ಕೂರುತ್ತದೆ, ಅಲ್ಲಿಗೆ ಎಲ್ಲ ಮುಗಿದಂತೆ. ಎರಡು ಗುಂಡಿಗಳ ನಡುವೆ ಒಂದು ಬೆರಳಗಲ ಜಾಗ.

'ನಾನು ಒತ್ತಲಾ?' ಎಂದ ಮಾವ.

'ಬೇಡ. ಊರು ನಂದು' ಎಂದು ಟೀಚರಮ್ಮ ಬಲಗೈಯನ್ನೇ ಮುಂದೆ ತಂದರು. ಎಡಗೈ ಇತ್ತು, ಅದು ಸರಿಯಾಗಿತ್ತು, ಅದನ್ನು ಬಳಸಬಹುದಿತ್ತು. ಅವರಿಗೆ ಹೇಳುವ ಧೈರ್ಯ ಯಾರಿಗಿದೆ? ಹೆಬ್ಬೆರಳು ನಡುಗುತ್ತಿತ್ತು. ಕಡ್ಡಿಯನ್ನು ಅತ್ತ ಒತ್ತಿದರೆ ಆಯ್ಕೆಯ ಚೌಕ ಇತ್ತ ಹಾರಿ, ಏರಿಸುವ ಗುಂಡಿಯ ಮೇಲೆ ನಿಂತಿತು.

'ತಡೀರಿ' ಎಂದ ಮಾವ. ಪಿಸುಗುಟ್ಟಿದ ಹಾಗಿತ್ತು. 'ಚೌಕದಲ್ಲಿರೋದನ್ನ ಓದಿ.'

'ಏರಿಸಿ.'

'ನಮಗೆ ಬೇಕಾದ್ದು?'

'ಇಳಿಸಿ.'

'ನಿಧಾನ ಬನ್ನಿ.'

ಚೌಕ ಕೆಳಗೆ ಬಂತು. ಟೀಚರಮ್ಮ ಒಮ್ಮೆ ಬೆರಳೆತ್ತಿ, ಸೀರೆಗೆ ಒರೆಸಿಕೊಂಡು, ಒತ್ತಿದರು. ಯಂತ್ರ ಇನ್ನೊಮ್ಮೆ ಕೇಳಿತು, ಖಚಿತವೇ ಎಂದು. ಅದನ್ನೂ ಓದಿ, ಒತ್ತಿದರು. ಒಂದು ಗೀಟು ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಆ ಗೀಟು ಮಾತ್ರ ನೆಟ್ಟಗಿತ್ತು.

ಆಟ ತೆರೆದಾಗ ಊರಿನ ತುಂಬ ಕಳೆ. ಆ ಆಟದೊಳಗೂ ದಿನ ಕಳೆಯುತ್ತದೆ. ಎಂಟು ತಿಂಗಳು ಯಾರೂ ಕಾಲಿಡದ ಊರು ಅದು. ಮನೆಯ ಬಾಗಿಲ ಮುಂದೆಯೂ ಮೊಣಕಾಲೆತ್ತರ ಹುಲ್ಲು. ಆ ಹುಲ್ಲಿನ ನಡುವೆ, ಒಂದು ಅತ್ತ, ಒಂದು ಇತ್ತ ವಾಲಿಕೊಂಡು ಹದಿನಾಲ್ಕು ಗೂಟ. ಟೀಚರಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಊರು ತಾನಾಗಿ ಮೋಡಕ್ಕೆ ಹತ್ತುವುದನ್ನು ಮಾವ ಮತ್ತೆ ಚಾಲೂ ಮಾಡಿದ. ಮಗನಿಂದ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಕೇಳಿ ಈಗಲೇ ಯಂತ್ರಕ್ಕೆ ಹಾಕಿದ. ಒಂದು ಹೊಸ ಚೀಟಿ ತೆಗೆದು ಟೀಚರಮ್ಮನ ಮುಂದಿಟ್ಟ. ಪ್ರತಿ ಭಾನುವಾರ ಒಳಗೆ ಹೋಗಿ ತಾರೀಖು ನೋಡಿ ಇದರಲ್ಲಿ ಬರೀರಿ, ಬರೆದು ನನಗೆ ಫೋನಲ್ಲಿ ಓದಿ ಎಂದ. ಟೀಚರಮ್ಮ ತಲೆಯಾಡಿಸಿದರು. ಮೇಷ್ಟ್ರು 'ನಾನೂ ನೋಡ್ತೀನಿ' ಎಂದ. ಹಳೆಯ ಚೀಟಿಯನ್ನು ಮಾವ ಹರಿಯಲಿಲ್ಲ. ತನ್ನ ಭೂತಗನ್ನಡಿಯ ದೀಪಕ್ಕೆ ಅಂಟಿಸಿಕೊಂಡ. ಅದು ಈಗಲೂ ಅಲ್ಲೇ ಇದೆ.

ಮನೆಗೆ ಹೋಗೋಣವೆಂದು ಮಗ ಎದ್ದ. ಟೀಚರಮ್ಮ ಏಳಲಿಲ್ಲ. ಬೇಲಿಯ ಕೊನೆಯ ಗೂಟದ ಹತ್ತಿರ ಬೊಂಬೆಯನ್ನು ನಿಲ್ಲಿಸಿ, ಕಳೆ ಕಿತ್ತು, ಬೊಂಬೆಯ ಚೀಲದಿಂದ ಒಂದು ಕಲ್ಲು ತೆಗೆದು ಹಾಕಿದರು. ಸಮುದ್ರದ ಕಡೆಗೆ. ಇನ್ನೊಂದು ಹಾಕಿದರು. ಮೂರನೆಯದಕ್ಕೆ ಹೆಬ್ಬೆರಳು ನಡುಗಿತು, ಬೊಂಬೆ ಸಾಲಿನಿಂದ ಪಕ್ಕಕ್ಕೆ ಸರಿಯಿತು. ಮಾವನಿಗೆ ತಡೆಯಲಾಗಲಿಲ್ಲ. ಸಹಾಯಕ್ಕೆ ಕೈ ಚಾಚಿದ.

'ತಡೀರಿ' ಎಂದರು ಟೀಚರಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಮಾವ ಕೈ ಹಿಂದಕ್ಕೆ ತೆಗೆದುಕೊಂಡ. ಅವರು ಬೊಂಬೆಯನ್ನು ಒಂದು ಹೆಜ್ಜೆ ಹಿಂದೆ ತಂದು, ಮತ್ತೆ ಮುಂದೆ ನಡೆಸಿ, ಮೂರನೆಯ ಕಲ್ಲು ಇಟ್ಟರು. ನಾನು ಭೂತಗನ್ನಡಿಯನ್ನು ಎಳೆದು ಪರದೆಯ ಮೇಲೆ ಹಿಡಿದೆ. ನೆಟ್ಟಗಿತ್ತು.